ಖಾಲಿ ಇರಬೇಕಾದ ನೆಲಮಾಳಿಗೆ

ನಮ್ಮ ಅಕ್ಕ ಬದುಕಿಡೀ ಮಾಡಿದ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: ಒಂದು ನೆಲಮಾಳಿಗೆಯನ್ನು ಖಾಲಿ ಇಡುವುದು. ಓದಿದ್ದು ಎಂಜಿನಿಯರಿಂಗು, ಅದರಲ್ಲೂ ಮಣ್ಣಿನ ವಿಚಾರ. ಊರಿನ ಎಷ್ಟೋ ಕಟ್ಟಡಗಳ ಪಾಯ ಅವಳ ಲೆಕ್ಕದ ಮೇಲೆ ನಿಂತಿದೆ. ಆದರೆ ಅವಳ ತಲೆಗೂದಲು ನೆರೆತದ್ದು, ರಕ್ತದೊತ್ತಡ ಏರಿದ್ದು, ಜೊತೆಗೆ ನನ್ನ ತಾಳ್ಮೆ ಕೆಟ್ಟದ್ದು, ಎಲ್ಲವೂ ನಾವು ವಾಸವಿರುವ ಈ ನಾಲ್ಕಂತಸ್ತಿನ ಕಟ್ಟಡದ ಅಡಿಯಲ್ಲಿರುವ ಆ ಕತ್ತಲೆ ಜಾಗದಿಂದ.

ನಿವೇಶನ ಅಗ್ಗಕ್ಕೆ ಸಿಕ್ಕಿತ್ತು. ಯಾಕೆ ಅಗ್ಗ ಎಂದು ಆಗ ಯಾರೂ ಕೇಳಲಿಲ್ಲ. ಭಾವ, ಅವರ ಆಫೀಸಿನ ಸ್ನೇಹಿತರು, ನಾನು, ಇನ್ನೂ ಕೆಲವರು ಸೇರಿ ಸಂಘ ಮಾಡಿಕೊಂಡು ಕೊಂಡ ಜಾಗ ಅದು. ಗುದ್ದಲಿ ಹಾಕಿದರೆ ಬೂದುಬಣ್ಣದ ಜೇಡಿಮಣ್ಣು. ಹಿಡಿಯಲ್ಲಿ ಹಿಚುಕಿದರೆ ಬೆರಳ ಸಂದಿಯಿಂದ ಹೊರಗೆ ಬರುತ್ತಿತ್ತು. ಪಕ್ಕದ ಬೀದಿಯಲ್ಲಿ ಇಂಥದೇ ಮಣ್ಣಿನ ಮೇಲೆ ಮಾಮೂಲಿ ಪಾಯ ಹಾಕಿ ಕಟ್ಟಿದ ಗೋದಾಮು ಕೆಲವೇ ವರ್ಷಗಳಲ್ಲಿ ಮೊಣಕಾಲಷ್ಟು ಇಳಿದು ಕೂತಿತ್ತು. ಗಟ್ಟಿ ನೆಲ ಎಲ್ಲಿದೆ ನೋಡೋಣ ಎಂದು ಕೊರೆಸಿದರೆ, ಕೊಳವೆ ಮುಗಿಯಿತೇ ಹೊರತು ಜೇಡಿ ಮುಗಿಯಲಿಲ್ಲ. ಕಂಟ್ರಾಕ್ಟರು ಕೈ ಒದರಿಕೊಂಡು, "ಎರಡಂತಸ್ತಿಗೆ ನಿಲ್ಲಿಸಿ, ಅದೂ ದೇವರ ಮೇಲೆ ಭಾರ ಹಾಕಿ," ಎಂದ.

"ದೇವರ ಮೇಲೂ ಬೇಡ, ಮಣ್ಣಿನ ಮೇಲೂ ಬೇಡ," ಎಂದಳು ಅಕ್ಕ. "ಕಟ್ಟಡ ಎಷ್ಟು ತೂಗುತ್ತೋ ಅಷ್ಟು ತೂಕದ ಮಣ್ಣನ್ನ ಮೊದಲು ತೆಗೆದುಬಿಡೋಣ."

ಅದನ್ನು ಅವಳು ಅಮ್ಮನಿಗೆ ವಿವರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಅಕ್ಕಿ ಆರಿಸುತ್ತ ಕೂತಿದ್ದರು.

"ಅಲ್ವೇ, ಗುಂಡಿ ತೋಡಿ ಅದರಲ್ಲಿ ಏನೂ ಇಡಲ್ಲ ಅಂತೀಯ. ಮತ್ತೆ ತೋಡೋದು ಯಾಕೆ?"

"ಅಮ್ಮ, ನಿನ್ನ ತಲೆ ಮೇಲೆ ತುಂಬಿದ ಕೊಡ ಇದೆ ಅನ್ಕೋ. ಎಷ್ಟೋ ಕಾಲದಿಂದ ಹೊತ್ತಿದ್ದೀಯ, ಕತ್ತಿಗೆ ಅಭ್ಯಾಸ ಆಗಿದೆ. ನಾನು ಆ ಕೊಡ ಇಳಿಸಿ ಅಷ್ಟೇ ಭಾರದ ಬುಟ್ಟಿ ಇಟ್ಟೆ. ನಿನ್ನ ಕತ್ತಿಗೇನಾದ್ರೂ ಗೊತ್ತಾಗುತ್ತಾ?"

"ಗೊತ್ತಾಗದೆ ಏನು? ಕೊಡ ಇಳಿಸಿ ಬುಟ್ಟಿ ಇಡೋ ತನಕ ಕತ್ತು ಹಗುರಾಗಿ ಮೇಲಕ್ಕೆ ಬರುತ್ತಲ್ಲ."

ಅಕ್ಕ ನಕ್ಕು ಅಮ್ಮನ ಗಲ್ಲ ಹಿಡಿದಳು. "ಅದೇ ಕಣಮ್ಮ ನನ್ನ ತಲೆನೋವು. ಒಂದೇ ಸಲ ಎಲ್ಲಾ ಮಣ್ಣೂ ತೆಗೆದ್ರೆ ಗುಂಡಿಯ ತಳ ಉಬ್ಬುತ್ತೆ. ಉಬ್ಬಿದ ಮಣ್ಣು ಸಡಿಲ ಆಗುತ್ತೆ, ಆಮೇಲೆ ಭಾರ ಬಿದ್ದಾಗ ಕುಸಿಯುತ್ತೆ. ಅದಕ್ಕೇ ಸ್ವಲ್ಪ ಸ್ವಲ್ಪ ಅಗೆದು, ಅಲ್ಲಲ್ಲೇ ಕಾಂಕ್ರೀಟ್ ಹಾಕ್ತಾ ಹೋಗ್ಬೇಕು."

ಹಾಗೇ ಮಾಡಿಸಿದಳು. ಅಗೆದ ಕಡೆ ಕಾಂಕ್ರೀಟಿನ ಒಂದು ದೊಡ್ಡ ಪೆಟ್ಟಿಗೆ, ಒಳಗೆ ಅಡ್ಡಗೋಡೆಗಳು, ಮೇಲೊಂದು ಗಟ್ಟಿ ಮುಚ್ಚಳ, ಮುಚ್ಚಳದ ಮೇಲೆ ನಾವು. ಪೆಟ್ಟಿಗೆಯ ಒಳಗೆ ಗಾಳಿ ಬಿಟ್ಟರೆ ಬೇರೇನೂ ಇರಕೂಡದು. ಪೆಟ್ಟಿಗೆ ಮುಗಿದು ಮೇಲಿನ ಅಂತಸ್ತುಗಳು ಇನ್ನೂ ಏಳದೆ ಇದ್ದಾಗ ಇನ್ನೊಂದು ರಗಳೆ. ಸುತ್ತ ಜೌಗು, ನೀರು ಹೊರಹಾಕುವ ಪಂಪು ನಿಂತರೆ ಆ ಖಾಲಿ ಪೆಟ್ಟಿಗೆ ಡಬ್ಬಿಯ ಹಾಗೆ ಮೇಲೆ ತೇಲಿಬಿಡುತ್ತದೆ. ಒಂದು ದಿನ ಕಂಟ್ರಾಕ್ಟರು ಡೀಸೆಲ್ ಉಳಿಸಲು ಪಂಪು ನಿಲ್ಲಿಸಿದ್ದ. ಅವತ್ತು ನನಗೆ ಹೆಣ್ಣು ನೋಡಲು ಹೋಗಬೇಕಿತ್ತು. ನಾವೆಲ್ಲ ಬೀಗರ ಮನೆಯಲ್ಲಿ ಕಾಫಿ ಕುಡಿದು ಎರಡನೇ ಸಲ ಕುಡಿಯುವ ಹೊತ್ತಿಗೆ ಅಕ್ಕ ಸೀರೆಯ ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಬಂದಳು. "ಪಂಪು ಶುರು ಮಾಡಿಸಿ ಬಂದೆ," ಎಂದಳು, ಅದೇ ಕ್ಷಮಾಪಣೆ ಎಂಬಂತೆ. ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ, ಹುಡುಗನ ಮುಖಕ್ಕಿಂತ ಮೊದಲು ತನಗೆ ನೆನಪಿರುವುದು ಆ ಕೆಸರು ಎಂದು.

ಕಟ್ಟಡ ಎದ್ದಿತು, ನಾವು ಬಂದೆವು. ಅಕ್ಕ ನೆಲ ಅಂತಸ್ತಿನಲ್ಲಿ, ನಾನು ಎರಡನೆಯದರಲ್ಲಿ. ವರ್ಷಗಳು ಕಳೆದವು. ಬೀದಿಯ ಉಳಿದ ಕಟ್ಟಡಗಳು ಒಂದೊಂದಾಗಿ ಇಳಿದವು, ವಾಲಿದವು, ಗೋಡೆ ಸೀಳಿಕೊಂಡವು. ನಮ್ಮದು ಅಲುಗಲಿಲ್ಲ. ಅಲುಗದೇ ಇದ್ದದ್ದೇ ಅಕ್ಕನ ಶತ್ರುವಾಯಿತು. ಏನೂ ಆಗದ ಹಾಗೆ ನೋಡಿಕೊಂಡವರನ್ನು ಈ ಲೋಕದಲ್ಲಿ ಯಾರು ನಂಬುತ್ತಾರೆ? ಸಂಘದ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಎದ್ದು ನಿಂತು, ಕೆಳಗೆ ಅಷ್ಟು ಜಾಗ ಸುಮ್ಮನೆ ಬಿದ್ದಿದೆಯಲ್ಲ, ಸೈಕಲ್ ಇಡೋಣ, ಹಳೇ ಮಂಚ ಇಡೋಣ, ಮರಳು ತುಂಬಿಸಿದರೆ ಪಾಯ ಇನ್ನೂ ಭದ್ರವಾಗುತ್ತದೆ ಎನ್ನುತ್ತಿದ್ದರು. ಮರಳು! ಅಕ್ಕ ಮೊದಲಿಂದ ಹೇಳುತ್ತಿದ್ದಳು. ಕೋಣನ ಮುಂದೆ ಕಿನ್ನರಿ. ಪೆಟ್ಟಿಗೆಗೆ ಇಳಿಯುವ ಕಿಂಡಿಗೆ ಕಬ್ಬಿಣದ ಮುಚ್ಚಳ ಹಾಕಿಸಿ ಬೀಗ ಜಡಿದಳು. ಕೀಲಿಕೈ ಅವಳ ಸೊಂಟದಲ್ಲಿ.

ಮನೆಯೊಳಗೂ ಅದೇ ಕಾನೂನು. ಒಂದು ಒಳಗೆ ಬಂದರೆ ಒಂದು ಹೊರಗೆ. ನಾನು ಹೊಸ ಬೀರು ತಂದಾಗ ಮೆಟ್ಟಿಲಲ್ಲೇ ತಡೆದು, "ಯಾವುದು ಹೊರಗೆ ಹೋಗ್ತಿದೆ?" ಎಂದು ಕೇಳಿದಳು. ಬೀರುವಿನಿಂದ ಕಟ್ಟಡ ಮುಳುಗುವುದಿಲ್ಲ ಎಂದು ಅವಳಿಗೂ ಗೊತ್ತು. ಅಭ್ಯಾಸ ಇರಲಿ ಎನ್ನುತ್ತಿದ್ದಳು. ನನ್ನ ಹೆಂಡತಿ ಒಳಗಿನಿಂದ, "ನಿಮ್ಮಕ್ಕ ನನ್ನನ್ನ ಮನೆ ತುಂಬಿಸಿಕೊಂಡಾಗ ಯಾರನ್ನ ಹೊರಗೆ ಹಾಕಿದ್ರು ಕೇಳಿ," ಎಂದು ಕೂಗಿದಳು.

ಇನ್ನು ಉಪಾಯದವರ ವಿಷಯ ಹೇಳಬೇಕು. ಅವರೇ ಸಂಘದ ಅಧ್ಯಕ್ಷರು, ಬಟ್ಟೆ ಅಂಗಡಿ ಇಟ್ಟವರು, ಮೊದಲನೇ ಅಂತಸ್ತಿನ ಪೂರ್ವದ ಮನೆಯಲ್ಲಿ ಇರುವವರು. ಯಾವ ಸಮಸ್ಯೆ ಬಂದರೂ "ನನ್ನ ಹತ್ರ ಒಂದು ಉಪಾಯ ಇದೆ" ಎನ್ನುವುದರಿಂದ ಆ ಹೆಸರು ಬಿತ್ತು. ಒಳ್ಳೆಯವರೇ. ಯಾರಿಗೆ ಹುಷಾರಿಲ್ಲ ಎಂದರೂ ಮೊದಲು ಓಡಿ ಬರುವವರು. ಆದರೆ ಇಬ್ಬರು ಜಗಳವಾಡಿದರೆ ಇಬ್ಬರಿಗೂ ಅರ್ಧರ್ಧ ನ್ಯಾಯ ಕೊಟ್ಟು ಕಳಿಸುವುದು ಅವರ ಹುಟ್ಟುಗುಣ. ಅಂಗಡಿಯಲ್ಲಿ ಅದು ನಡೆಯುತ್ತದೆ. ಜೇಡಿಮಣ್ಣಿನ ಹತ್ತಿರ ನಡೆಯುವುದಿಲ್ಲ.

ಆ ವರ್ಷ ಬೇಸಿಗೆಗೆ ಮುಂಚೆಯೇ ನಲ್ಲಿ ನೀರು ಕೈಕೊಟ್ಟಿತು. ಅಕ್ಕ ಊರಲ್ಲಿರಲಿಲ್ಲ, ಮಗಳ ಬಾಣಂತನಕ್ಕೆ ದೂರದ ಊರಿಗೆ ಹೋಗಿದ್ದಳು. ಮಗು ದಿನ ತುಂಬುವ ಮುಂಚೆ ಹುಟ್ಟಿ ಇನ್ನೂ ಆಸ್ಪತ್ರೆಯಲ್ಲೇ ಇತ್ತು. ಕೀಲಿಕೈಯನ್ನು ಆಗ ಸಂಘದ ಕಾರ್ಯದರ್ಶಿಯಾಗಿದ್ದ ನನಗೆ ಕೊಟ್ಟಿದ್ದಳು. ಸಭೆ ಸೇರಿದಾಗ ಉಪಾಯದವರು ಎದ್ದರು.

"ಕೆಳಗೆ ಅಷ್ಟು ದೊಡ್ಡ ಕಾಂಕ್ರೀಟ್ ತೊಟ್ಟಿ ಇಟ್ಕೊಂಡು ನಾವು ಟ್ಯಾಂಕರ್ ದಾರಿ ಕಾಯ್ತೀವಲ್ಲ, ನಮಗೆ ಬುದ್ಧಿ ಇದೆಯಾ?"

"ಅದು ತೊಟ್ಟಿ ಅಲ್ಲ," ಎಂದೆ ನಾನು.

"ನೀರು ನಿಂತರೆ ತೊಟ್ಟೀನೇ ಸಾರ್."

ನಾನು ಅಕ್ಕ ಹೇಳಿದ್ದನ್ನೆಲ್ಲ ಹೇಳಿದೆ. ಕೊಡ, ಬುಟ್ಟಿ, ಕತ್ತು, ಎಲ್ಲ. ಕೆಲವರು ನನ್ನ ಕಡೆ ಬಂದರು, ಕೆಲವರು ನೀರಿನ ಕಡೆ. ಮಾತು ಜೋರಾಯಿತು. ಆಗ ಉಪಾಯದವರು ಎರಡೂ ಕೈ ಎತ್ತಿ ಎಲ್ಲರನ್ನೂ ಸಮಾಧಾನ ಮಾಡಿ, "ಹಾವೂ ಸಾಯಬಾರದು, ಕೋಲೂ ಮುರೀಬಾರದು. ಪೂರ್ತಿ ತುಂಬಿಸೋದು ಬೇಡ. ಅರ್ಧ ತುಂಬಿಸೋಣ. ಪೂರ್ವದ ಕಡೆ ನೀರು, ಪಶ್ಚಿಮದ ಕಡೆ ಅಕ್ಕನ ಗಾಳಿ. ಆಯ್ತಲ್ಲ?" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಡೆಯವರೂ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೀಲಿಕೈ ಕೊಡುವುದಿಲ್ಲ ಎಂದು ಎದ್ದು ಬಂದೆ. ಮರುದಿನ ನಾನು ಕೆಲಸಕ್ಕೆ ಹೋದಾಗ ಬೀಗ ಒಡೆಸಿದರು. ಸಂಜೆ ಬಂದು ನೋಡಿದರೆ ಪ್ಲಂಬರ್ ಕೆಳಗೆ ಕೂತು ನಡುಗೋಡೆಯ ಕಂಡಿಗಳನ್ನು ಮುಚ್ಚಿ ಗಿಲಾವು ಮಾಡುತ್ತಿದ್ದ.

ಅಕ್ಕನಿಗೆ ಫೋನ್ ಮಾಡಿದೆ.

"ಎಷ್ಟು ತುಂಬಿಸ್ತಿದ್ದಾರೆ?"

"ಅರ್ಧ."

"ಎಲ್ಲಾ ಕಡೆ ಅರ್ಧ ಮಟ್ಟಕ್ಕೋ, ಒಂದೇ ಕಡೆಗೋ?"

"ಒಂದೇ ಕಡೆಗೆ. ಪೂರ್ವಕ್ಕೆ."

"ಪೂರ್ತಿ ತುಂಬಿಸಿದ್ರೂ ಇಷ್ಟು ಕೆಟ್ಟದಾಗ್ತಿರಲಿಲ್ಲ ಕಣೋ," ಎಂದಳು. "ಆಗ ಕಟ್ಟಡ ಸಮನಾಗಿ ಇಳೀತಿತ್ತು. ಈಗ ವಾಲುತ್ತೆ."

ಅವಳು ಉಪಾಯದವರಿಗೂ ಫೋನ್ ಮಾಡಿದಳು, ಬೈದಳು, ಬೇಡಿಕೊಂಡಳು. ಅವರು "ಆಯ್ತಕ್ಕ, ತುಂಬಿಸಲ್ಲ" ಎಂದರಂತೆ. ಅವರ ಮನಸ್ಸಾಕ್ಷಿಯ ಪ್ರಕಾರ ಅರ್ಧ ಎಂದರೆ ತುಂಬಿಸಿದ ಹಾಗಲ್ಲ. ಮಗುವನ್ನು ಬಿಟ್ಟು ಅಕ್ಕ ಬರುವ ಹಾಗಿರಲಿಲ್ಲ. ನಾನು ಕಾರ್ಯದರ್ಶಿ ಕೆಲಸ ಬಿಟ್ಟೆ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಮೊದಮೊದಲು ಏನೂ ಆಗಲಿಲ್ಲ. ಟ್ಯಾಂಕರುಗಳನ್ನು ಸಾಲಾಗಿ ತರಿಸಿ ಸುರಿದದ್ದರಿಂದ ಆಳೆತ್ತರ ನೀರು ನಿಂತಿತು, ನಲ್ಲಿಗಳಲ್ಲಿ ಭರ್ತಿ ನೀರು ಬಂತು, ಎದುರಿಗೆ ಸಿಕ್ಕವರೆಲ್ಲ ನನ್ನನ್ನು ನೋಡಿ ನಕ್ಕರು. ಮೆದು ಜೇಡಿ ಒಂದೇ ದಿನಕ್ಕೆ ಕುಸಿಯುವುದಿಲ್ಲ. ಭಾರ ಬಿದ್ದರೆ ತನ್ನೊಳಗಿನ ನೀರನ್ನು ನಿಧಾನವಾಗಿ ಹೊರಗೆ ಬಿಡುತ್ತ, ತಿಂಗಳುಗಟ್ಟಲೆ ಕುಗ್ಗುತ್ತದೆ. ಇದೂ ಅಕ್ಕ ಹೇಳಿದ ಮಾತೇ.

ಮಳೆಗಾಲ ಹತ್ತಿರ ಬಂದಾಗ ನನ್ನ ಹೆಂಡತಿ ದೋಸೆ ಕಾವಲಿಯ ಎಣ್ಣೆ ಯಾವಾಗಲೂ ಒಂದೇ ಕಡೆ ಸೇರುತ್ತದೆ ಎಂದಳು. ಒಲೆ ಸರಿಯಿಲ್ಲ ಎಂದುಕೊಂಡೆವು. ಬಚ್ಚಲಿನಲ್ಲಿ ನೀರು ಮೋರಿಯ ಕಡೆ ಹೋಗದೆ ಮೂಲೆಯಲ್ಲಿ ನಿಲ್ಲತೊಡಗಿತು. ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು, ಕೆಲವು ಮುಚ್ಚಿಕೊಳ್ಳುತ್ತಿದ್ದವು. ಉಪಾಯದವರು ಬಡಗಿಯನ್ನು ಕರೆಸಿ ಬಾಗಿಲುಗಳ ಕೀಲು ಬದಲಾಯಿಸಿದರು. ವಾರ ಕಳೆದು ಮತ್ತೆ ಕರೆಸಿ ಮತ್ತೆ ಬದಲಾಯಿಸಿದರು. ಮೂರನೇ ಸಲ ಬಡಗಿ, "ಬಾಗಿಲು ಸರಿ ಇದೆ ಸ್ವಾಮಿ, ನಿಮ್ಮ ನೆಲವೇ ಡೊಂಕು," ಎಂದ. ಉಪಾಯದವರು ಮೆಟ್ಟಿಲ ತುಂಬ ಕೇಳುವ ಹಾಗೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಎಂದು ಅವನನ್ನು ಗದರಿಸಿ ಕಳಿಸಿದರು. ಜಗತ್ತಿನಲ್ಲಿ ಒಂದೇ ಒಂದು ಸಲ ಆ ನೆಲ ನಿಜವಾಗಿ ಡೊಂಕಾಗಿತ್ತು, ಅದನ್ನು ಹೇಳಿದ ಬಡಪಾಯಿಗೆ ಬೈಗುಳ ಸಿಕ್ಕಿತು.

ಮಾಡಿದ್ದುಣ್ಣೋ ಮಹರಾಯ. ಒಂದು ಬೆಳಿಗ್ಗೆ ಉಪಾಯದವರು ಟವೆಲ್ ಉಟ್ಟುಕೊಂಡು ಪೇಪರ್ ತೆಗೆದುಕೊಳ್ಳಲು ಹೊರಗೆ ಬಂದರು. ಬಾಗಿಲು ಮೆಲ್ಲಗೆ ತಾನಾಗಿ ಸರಿದು ಚಿಲಕ ಬಿತ್ತು. ಒಳಗೆ ಹೆಂಡತಿ ಸ್ನಾನಕ್ಕೆ ಹೋಗಿದ್ದರು. ಶಾಲೆಗೆ ಹೋಗುವ ಮಕ್ಕಳೆಲ್ಲ ಮೆಟ್ಟಿಲಿಳಿಯುವಾಗ ಅಧ್ಯಕ್ಷರು ಪೇಪರಿನಿಂದ ಮೈ ಮುಚ್ಚಿಕೊಂಡು ನಿಂತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ, "ಈಗಲಾದ್ರೂ ನೀರು ಖಾಲಿ ಮಾಡಿ," ಎಂದೆ.

"ಗೋಡೆಯಲ್ಲಿ ಒಂದು ಬಿರುಕು ತೋರಿಸಿ ಸಾರ್, ಇವತ್ತೇ ಖಾಲಿ ಮಾಡ್ತೀನಿ!"

ಬಿರುಕು ಇರಲಿಲ್ಲ. ಅಕ್ಕನ ಪೆಟ್ಟಿಗೆ ಅಷ್ಟು ಗಟ್ಟಿ. ಮುರಿಯದೆ, ಸೀಳದೆ, ಇಡೀ ಕಟ್ಟಡವನ್ನು ಹೊತ್ತುಕೊಂಡು ಒಂದೇ ತುಂಡಾಗಿ ವಾಲುತ್ತಿತ್ತು. ಅವಳು ಅಷ್ಟು ಚೆನ್ನಾಗಿ ಕಟ್ಟಿಸಿದ್ದೇ ಇವರಿಗೆ ಧೈರ್ಯವಾಯಿತು. ಇಂಥವರ ಜೊತೆ ಹೇಗೆ ಬಾಳುವುದು?

ಕೊನೆಗೆ ಪೂರ್ವದ ಗೋಡೆಯ ಹತ್ತಿರ, ಒಳಚರಂಡಿಯ ಕೊಳವೆ ನೆಲಕ್ಕೆ ಸೇರುವ ಕಡೆ ಮುರಿಯಿತು. ಕಟ್ಟಡ ಕೆಳಗಿಳಿದಿತ್ತು, ನೆಲದಲ್ಲಿದ್ದ ಕೊಳವೆ ಇಳಿಯಲಿಲ್ಲ. ವಾಸನೆಗೆ ಬೀದಿಯವರು ದೂರು ಕೊಟ್ಟರು, ನಗರದ ಕಟ್ಟಡ ಕಚೇರಿಯಿಂದ ಇನ್‌ಸ್ಪೆಕ್ಟರ್ ಬಂದ. ತಾರಸಿಯ ಪೂರ್ವದ ಅಂಚಿನಿಂದ ದಾರಕ್ಕೆ ತೂಗುಗುಂಡು ಕಟ್ಟಿ ಇಳಿಬಿಟ್ಟ. ಮೇಲೆ ಗೋಡೆಗೆ ತಾಗಿದ್ದ ದಾರ ಬುಡದಲ್ಲಿ ಗೋಡೆಯಿಂದ ನಾಲ್ಕು ಬೆರಳು ದೂರ ತೂಗಾಡುತ್ತಿತ್ತು. ಎಲ್ಲರೂ ಸುತ್ತ ನಿಂತು ನೋಡಿದರು. ಇನ್‌ಸ್ಪೆಕ್ಟರ್ ದಾರ ಸುತ್ತಿಕೊಳ್ಳುತ್ತ, "ಮಳೆಗಾಲ ಮುಗಿದ ಮೇಲೆ ಮತ್ತೆ ಬರ್ತೀನಿ. ಈ ವಾಲೋದು ನಿಂತಿರದಿದ್ರೆ, ನೆಟ್ಟಗಾಗೋ ಸೂಚನೆ ಕಾಣದಿದ್ರೆ, ಎಲ್ಲರೂ ಖಾಲಿ ಮಾಡ್ಬೇಕಾಗುತ್ತೆ. ಆಮೇಲೆ ಕೆಡವೋದೇ," ಎಂದ. ಅಷ್ಟೂ ಸಂಸಾರಗಳಿಗೆ ಇದೊಂದೇ ಮನೆ. ಉಪಾಯದವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅಕ್ಕ ಆ ವಾರ ಬಂದಳು. ಮಗು ಹುಷಾರಾಗಿ ಮನೆಗೆ ಬಂದಿತ್ತು. ಚೀಲ ಕೆಳಗಿಡುವ ಮೊದಲೇ ಉಪಾಯದವರು ಅವಳ ಮುಂದೆ ನಿಂತರು.

"ಅಕ್ಕ, ಮನೆ ಮುಳುಗಿಸಿಬಿಟ್ನಾ?"

"ಮುಳುಗಿಸಿಲ್ಲ, ಅರ್ಧ ಮುಳುಗಿಸಿದ್ದೀರಿ. ನಿಮ್ಮ ನ್ಯಾಯವೇ ಅಷ್ಟಲ್ವಾ?" ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

ಮೆಟ್ಟಿಲ ಗೋಡೆಯಿಂದ ಕಟ್ಟಡದ ನಾಲ್ಕು ಮೂಲೆಗೂ, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುವ ಮಟ್ಟದ ಪೈಪು ಎಳೆಸಿ ಪೆನ್ಸಿಲಿನಲ್ಲಿ ಗೆರೆ ಹಾಕಿಸಿದಳು. ಪೂರ್ವದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಪಂಪು ಮಾಡಿಸಿ ಹೊರಗೆ ಹಾಕಿಸಿದಳು. ವಾಲುವುದು ನಿಂತಿತು. ಎಲ್ಲರೂ ಉಸಿರು ಬಿಟ್ಟೆವು, ಇನ್ನೇನು ಮುಗಿಯಿತು ಎಂದು. ಆದರೆ ಗೆರೆಗಳು ಇದ್ದಲ್ಲೇ ಇದ್ದವು. ಕಟ್ಟಡ ವಾಲಿದ ಹಾಗೇ ನಿಂತಿತ್ತು.

ಅಕ್ಕ ಸಭೆ ಕರೆದಳು. "ಈಗ ಪಶ್ಚಿಮದ ಕಡೆ ನೀರು ತುಂಬಿಸ್ಬೇಕು," ಎಂದಳು.

ನನಗೆ ತಲೆ ಚಿಟ್ಟು ಹಿಡಿಯಿತು. ಅಷ್ಟು ವರ್ಷ ಒಂದು ಬಿಂದಿಗೆ ಇಡಲು ಬಿಡದವಳು! ನಾನು ಅದಕ್ಕಾಗಿ ಊರೆಲ್ಲರ ಹಗೆ ಕಟ್ಟಿಕೊಂಡವನು! ಎದ್ದು ನಿಂತು, "ನಿನಗೇನು ಹುಚ್ಚು ಹಿಡೀತಾ?" ಎಂದೆ. ಉಪಾಯದವರ ಮುಖ ಅರಳಿತು. "ನೋಡಿದ್ರಾ, ಅಕ್ಕನೂ ನೀರಿಗೇ ಬಂದ್ರು," ಎಂದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಬಾಯಿ ಮುಚ್ಚಿ ಕೇಳಿ," ಎಂದಳು ಅಕ್ಕ. "ನೀರು ಹಿಂಡಿಹೋದ ಜೇಡಿ ಮತ್ತೆ ಪೂರ್ತಿ ಉಬ್ಬಲ್ಲ. ಭಾರ ತೆಗೆದ್ರೆ ಕೂದಲೆಳೆಯಷ್ಟು ಮೇಲೇಳುತ್ತೆ, ಅಷ್ಟೇ. ತಗ್ಗಿದ ಕಡೆಯನ್ನ ಎತ್ತೋಕೆ ನನ್ನ ಕೈಲಾಗಲ್ಲ. ಎತ್ತರ ಉಳಿದ ಕಡೆಯನ್ನ ತಗ್ಗಿಸಬಹುದು. ಆ ಕಡೆ ಭಾರ ಕೊಟ್ಟು ಕೂರಿಸಿ, ಮಟ್ಟ ಆದ ಮೇಲೆ ನೀರು ಪೂರ್ತಿ ತೆಗೆದುಬಿಡೋದು. ಆಮೇಲೆ ಅಲ್ಲಿ ಒಂದು ಲೋಟ ನೀರು ಕಂಡ್ರೂ ನಾನು ಸುಮ್ನಿರಲ್ಲ."

ಪ್ಲಂಬರ್ ಪಶ್ಚಿಮದ ಕೋಣೆಗಳಿಗೂ ಗಿಲಾವು ಮಾಡಿದ. ಮೊಣಕಾಲಷ್ಟು ನೀರು ಬಿಟ್ಟು ಕೆಲವು ವಾರ ಕಾದಳು, ಆಮೇಲೆ ಸೊಂಟದಷ್ಟು, ಆಮೇಲೆ ಆಳೆತ್ತರ. ಪ್ರತಿ ಭಾನುವಾರ ಪೈಪು ಎಳೆದು ಗೆರೆ ಹಾಕುವುದು. ಪೈಪಿನ ಒಂದು ತುದಿ ನಾನು ಹಿಡಿಯುತ್ತಿದ್ದೆ, ಇನ್ನೊಂದು ತುದಿ ಉಪಾಯದವರು. ಮೊದಲ ವಾರಗಳಲ್ಲಿ ಅವರು, "ಇನ್ನೂ ಒಂದು ಕೊಡ ಹಾಕಿದ್ರೆ ಬೇಗ ಆಗಲ್ವಾ?" ಎಂದು ಉಪಾಯ ಹೇಳುತ್ತಿದ್ದರು. ಅಕ್ಕ ಕಣ್ಣೆತ್ತಿ ನೋಡುತ್ತಿದ್ದಳು, ಅವರು ಪೈಪಿನ ತುದಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಆಮೇಲೆ ಅವರೇ ಪ್ರಶ್ನೆ ಕೇಳತೊಡಗಿದರು. ನೀರು ಇಷ್ಟು, ಇಳಿದದ್ದು ಇಷ್ಟು, ಈ ವಾರ ಕಡಿಮೆ ಯಾಕೆ? ಅವರ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದು ನಿಂತ ದಿನ ಅಕ್ಕನ ಮನೆಗೆ ಓಡಿ ಬಂದು ಸುದ್ದಿ ಹೇಳಿದರು, ಮೊಮ್ಮಗು ಹೆಜ್ಜೆಯಿಟ್ಟ ಸುದ್ದಿ ಹೇಳುವವರ ಹಾಗೆ.

ಇನ್‌ಸ್ಪೆಕ್ಟರ್ ಮತ್ತೆ ಬಂದಾಗ ದಾರ ಬುಡದಲ್ಲಿ ಗೋಡೆಯಿಂದ ಒಂದು ಬೆರಳಷ್ಟೇ ದೂರವಿತ್ತು. ಗೆರೆಗಳನ್ನು ನೋಡಿ, "ಹೀಗೇ ನಡೀಲಿ," ಎಂದು ಹೋದ. ಮನೆ ಉಳಿಯಿತು. ಇನ್ನೊಂದು ಬೇಸಿಗೆ ಬರುವ ಹೊತ್ತಿಗೆ ಪಶ್ಚಿಮ ಪೂರ್ವಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ತಗ್ಗಿತು. "ಹೆಚ್ಚಾಯ್ತು!" ಎಂದು ಉಪಾಯದವರು ಕಿರುಚಿದರು. "ಆಗ್ಲಿ ಬಿಡಿ, ನೀರು ತೆಗೆದ್ರೆ ಅಷ್ಟು ಮೇಲೇಳುತ್ತೆ," ಎಂದಳು ಅಕ್ಕ. ನೀರು ತೆಗೆದರು, ಅಷ್ಟು ಎದ್ದಿತು. ನಾಲ್ಕೂ ಮೂಲೆ ಒಂದೇ ಮಟ್ಟ. ಹೊರಬಾಗಿಲ ಕೆಳಗಿನ ಮೆಟ್ಟಿಲು ಮಾತ್ರ ಅರ್ಧ ನೆಲದೊಳಗೆ ಹೋಗಿದೆ. ಇವತ್ತಿಗೂ ಹೊಸಬರು ಅಲ್ಲಿ ಎಡವುತ್ತಾರೆ.

ಕಿಂಡಿಗೆ ಹೊಸ ಬೀಗ ಬಂತು. ನಾವೆಲ್ಲ ಅಲ್ಲೇ ನಿಂತಿದ್ದೆವು. ಅಕ್ಕ ಬೀಗ ಹಾಕಿ, ಎಳೆದು ನೋಡಿ, ಕೀಲಿಕೈಯನ್ನು ಉಪಾಯದವರ ಕೈಗೆ ಕೊಟ್ಟಳು.

ಅವತ್ತು ನಾನು ಅವಳ ಮನೆಗೆ ಹೋಗಿ ಕೂಗಾಡಿದ್ದಕ್ಕೆ ಲೆಕ್ಕವಿಲ್ಲ. ಕಳ್ಳನ ಕೈಗೇ ಕೀಲಿಕೈ ಎಂದೆ. ಬೀಗ ಒಡೆದವನು ಅವನು, ತಡೆದವನು ನಾನು ಎಂದೆ. ಅವಳು ಮೊಮ್ಮಗಳ ಕುಲಾವಿ ಹೆಣೆಯುತ್ತಿದ್ದಳು.

"ನೀನು ಮೊದಲಿಂದ ನಂಬಿದ್ದೆ ಕಣೋ. ಅಕ್ಕ ಹೇಳಿದ್ಳು ಅಂತ ನಂಬಿದ್ದೆ. ನಾಳೆ ನಾನಿಲ್ಲ ಅಂದ್ರೆ, ಯಾರಾದ್ರೂ ಅತ್ತು ಕರೆದು ಕೇಳಿದ್ರೆ ನೀನು ಬೀಗ ತೆಗೀತೀಯ. ನಿನ್ನದು ಮೆದು ಮನಸ್ಸು. ಅವರು ತೆಗೆಯಲ್ಲ. ಅವರು ಆ ದಾರ ಗೋಡೆಯಿಂದ ದೂರ ತೂಗಾಡಿದ್ದನ್ನ ನೋಡಿದ್ದಾರೆ, ತಾವೇ ಮಾಡಿದ್ದು ಅಂತ ಗೊತ್ತಿದ್ದು ನೋಡಿದ್ದಾರೆ."

ನನಗೆ ಒಪ್ಪಿಗೆಯಾಗಲಿಲ್ಲ. ತಮ್ಮನಿಗಿಂತ ಬಟ್ಟೆ ಅಂಗಡಿಯವನು ಹೆಚ್ಚಾದನೇ ಎಂದು ಬಹಳ ದಿನ ಮಾತು ಬಿಟ್ಟಿದ್ದೆ.

ಅಕ್ಕ ಹೋಗಿ ಈಗ ಕೆಲವು ತಿಂಗಳಾಯಿತು. ನಿದ್ದೆಯಲ್ಲೇ ಹೋದಳು; ಭಾವ ಅವಳಿಗಿಂತ ಮೊದಲೇ ತೀರಿಕೊಂಡಿದ್ದರು. ಅವಳ ಮನೆಯನ್ನು ಬಾಡಿಗೆಗೆ ಕೊಡುವುದೆಂದು ಮಗಳು ಹೇಳಿದಳು. ಸಾಮಾನುಗಳನ್ನು ಮಾತ್ರ ತಾನು ಬಂದು ನೋಡುವ ತನಕ ಎಲ್ಲಾದರೂ ಇಡು ಮಾಮ, ಅಮ್ಮನದು ಏನನ್ನೂ ಕೊಡಬೇಡ ಎಂದು ಅತ್ತಳು. ಒಂದು ಬೀರು, ಮೇಜು, ಪುಸ್ತಕದ ಪೆಟ್ಟಿಗೆಗಳು, ಆ ಮಟ್ಟದ ಪೈಪಿನ ಸುರುಳಿ. ನನ್ನ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಬಾಡಿಗೆಯವರು ಬರುವ ದಿನ ಬಂತು. ಮೊದಲನೇ ಅಂತಸ್ತಿಗೆ ಹೋಗಿ ಉಪಾಯದವರನ್ನು ಕೇಳಿದೆ. ಕೆಳಗೆ ಇಡೋಣ, ಒಂದೇ ವಾರ ಎಂದೆ.

"ಇಲ್ಲ ಸಾರ್."

"ಅಕ್ಕನ ಸಾಮಾನು ಕಣ್ರೀ!"

"ಅಕ್ಕನದೇ ಆದ್ರೂ ಇಲ್ಲ."

"ನೆಲ ಅಂತಸ್ತಿಂದ ಒಂದು ಮೆಟ್ಟಿಲು ಕೆಳಗೆ ಇಳಿಸೋದು. ಕಟ್ಟಡದ ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಲ್ಲ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

"ಗೊತ್ತಾಗುತ್ತೆ. ಇವತ್ತು ಅಕ್ಕನ ಬೀರು ಇಟ್ರೆ, ನಾಳೆ ಇನ್ನೊಬ್ರು ಮಂಚ ತರ್ತಾರೆ, ಅಕ್ಕನದು ಇಟ್ರಲ್ಲ ಅಂತಾರೆ. ಆಮೇಲೆ ನೀರು. ನಾನೇ ಅಲ್ವಾ ಸಾರ್ ಅರ್ಧ ಅಂದವನು? ಖಾಲಿ ಅಂದ್ರೆ ಖಾಲಿ."

ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ಇಷ್ಟು ದಿನ ಹುಗಿದಿಟ್ಟದ್ದೆಲ್ಲ ಬಾಯಿಗೆ ಬಂತು. ಬೈದುಬಿಡೋಣ ಎಂದು ತಲೆಯೆತ್ತಿದರೆ ಅವರ ಕಣ್ಣಲ್ಲಿ ನೀರಿತ್ತು. ಸೊಂಟದಲ್ಲಿ ಆ ಕೀಲಿಕೈ ನೇತಾಡುತ್ತಿತ್ತು, ಅಕ್ಕ ಸಿಕ್ಕಿಸಿಕೊಳ್ಳುತ್ತಿದ್ದ ಹಾಗೇ, ಬಲಗಡೆಗೆ. ಅಳುವ ಮಗಳ ಮಾತು ಕೇಳಿ ಬೀಗ ತೆಗೆಸಲು ಬಂದವನು ನಾನು. ಅಕ್ಕ ಹೇಳಿದ್ದು ಸರಿಯಾಗಿತ್ತು. ಅಲ್ಲಿಯ ತನಕ ಅಳದೆ ಇದ್ದ ನನಗೆ ಅವರ ಹೊಸ್ತಿಲಲ್ಲಿ ಅಳು ಬಂತು.

ಅವರು ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಮುಂದಿನ ಕೋಣೆ ಬರಿದಾಗಿತ್ತು. ಗೋಡೆಯ ಪಕ್ಕ ಸೋಫಾ ಇದ್ದ ಜಾಗದಲ್ಲಿ ನೆಲದ ಬಣ್ಣ ಮಾತ್ರ ಬೇರೆಯಾಗಿ ಕಾಣುತ್ತಿತ್ತು.

"ಸೋಫಾ ನಿನ್ನೆಯೇ ಕೊಟ್ಟುಬಿಟ್ಟೆ," ಎಂದರು. "ನೀವು ಬರ್ತೀರಿ ಅಂತ ಗೊತ್ತಿತ್ತು. ಅಕ್ಕನ ಸಾಮಾನು ಇಲ್ಲಿರಲಿ, ಎಷ್ಟು ದಿನ ಬೇಕಾದ್ರೂ."

ಇಬ್ಬರೂ ಕೆಳಗಿಳಿದೆವು. ಬೀರುವಿನ ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಅವರು. ಮೆಟ್ಟಿಲ ತಿರುವಿನಲ್ಲಿ, ಗೋಡೆಯ ಆ ಪೆನ್ಸಿಲ್ ಗೆರೆಗಳ ಹತ್ತಿರ, ನನ್ನ ಕಡೆ ಸ್ವಲ್ಪ ತಗ್ಗಿತು.

"ನಿಮ್ಮ ಕಡೆ ಎತ್ತಿ ಸಾರ್," ಎಂದರು ಅವರು. "ವಾಲುತ್ತಿದೆ."